ನಾಯಿಯ ಊಟಕ್ಕೆ ದಿನಕ್ಕೆ ಎಷ್ಟು ಖರ್ಚು? ಲೋಟ ಬಿಡಿ, ತಕ್ಕಡಿ ಹಿಡಿಯಿರಿ

ಪಕ್ಕದ ಮನೆಯ ಅಕ್ಕ ಕಳೆದ ಬೇಸಿಗೆಯಲ್ಲಿ ನನ್ನ ಹತ್ತಿರ ಒಂದು ಲೆಕ್ಕ ತಂದಿದ್ದರು. "ಕಾಳನಿಗೆ ದಿನಕ್ಕೆ ಅರವತ್ತು ಚಿಲ್ಲರೆ ರೂಪಾಯಿ ಆಗ್ತದೆ ಅಂದ್ಕೊಂಡಿದ್ದೆ. ಆದ್ರೆ ಚೀಲ ನಲವತ್ತು ದಿನ ಬರೋದೇ ಇಲ್ಲ ಕಣೋ, ತಿಂಗಳಿಗೇ ಖಾಲಿ" ಅಂದರು. ಕಾಳ ಅವರ ಮನೆಯ ಊರನಾಯಿ, ತೂಕ 18 ಕೆಜಿ. ಅವನಿಗೆ ಹಾಕುವ ಒಣ ನಾಯಿ ಆಹಾರದ ಕಾಳಿನ ಚೀಲ 10 ಕೆಜಿಯದು, ಕೊಟ್ಟ ಹಣ 2,500 ರೂಪಾಯಿ. ಅಕ್ಕನ ಲೆಕ್ಕದಲ್ಲಿ ಗುಣಾಕಾರ ಭಾಗಾಕಾರ ಎಲ್ಲ ಸರಿ ಇತ್ತು. ತಪ್ಪು ಇದ್ದದ್ದು ಅಡುಗೆಮನೆಯ ಲೋಟದಲ್ಲಿ. ಈ ತಪ್ಪನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಅಕ್ಕನ ಲೆಕ್ಕವನ್ನೇ ಇಲ್ಲಿ ಮೊದಲಿಂದ ಹಾಕಿ ತೋರಿಸುತ್ತೇನೆ.

ಮೊದಲು, ಒಂದು ಗ್ರಾಮಿಗೆ ಎಷ್ಟು

ಇದು ಸುಲಭ. ಕೊಟ್ಟ ಹಣವನ್ನು ಗ್ರಾಮಿನಿಂದ ಭಾಗಿಸಿ. 2,500 ರೂಪಾಯಿಯನ್ನು 10,000 ಗ್ರಾಮಿನಿಂದ ಭಾಗಿಸಿದರೆ ಗ್ರಾಮಿಗೆ 25 ಪೈಸೆ. ಚೀಲದ ಮೇಲೆ ಅಚ್ಚಾದ ಬೆಲೆ ಬೇಡ, ನೀವು ಕೊಟ್ಟ ಬೆಲೆ ಹಿಡಿಯಿರಿ. ಉಚಿತ ಅಂತ ಜಾಸ್ತಿ ಕೊಟ್ಟಿದ್ದರೆ ಅದನ್ನೂ ತೂಕಕ್ಕೆ ಸೇರಿಸಿ.

ಎರಡನೆಯದು, ದಿನಕ್ಕೆ ಎಷ್ಟು ಗ್ರಾಂ

ಎಲ್ಲರೂ ಎಡವುವುದು ಇಲ್ಲೇ. ಚೀಲದ ಹಿಂದೆ ಒಂದು ಪಟ್ಟಿ ಇರುತ್ತದೆ. ನಾಯಿಯ ತೂಕದ ಎದುರಿಗೆ ಗ್ರಾಂ ಬರೆದಿರುತ್ತಾರೆ. ಅದು ಸಾಮಾನ್ಯವಾಗಿ ಇಡೀ ದಿನದ ಲೆಕ್ಕ, ಒಂದು ಹೊತ್ತಿನದಲ್ಲ. ಬೆಳಿಗ್ಗೆ ಅಷ್ಟು, ಸಂಜೆ ಅಷ್ಟು ಹಾಕಿ ನಾಯಿಯನ್ನು ದಪ್ಪ ಮಾಡಿಟ್ಟವರನ್ನು ನಾನು ನೋಡಿದ್ದೇನೆ. ನಾಯಿ ಈಗಾಗಲೇ ದಪ್ಪ ಇದ್ದರೆ ಈಗಿನ ತೂಕ ನೋಡಬೇಡಿ, ಇರಬೇಕಾದ ತೂಕದ ಸಾಲು ನೋಡಿ. ಪಕ್ಕೆ ಮೇಲೆ ಕೈ ಆಡಿಸಿದಾಗ ಒತ್ತದೆಯೇ ಎಲುಬು ಕೈಗೆ ಸಿಗಬೇಕು, ಆದರೆ ಕಣ್ಣಿಗೆ ಎದ್ದು ಕಾಣಬಾರದು. ಕಾಳ ಹಾಗೇ ಇದ್ದ. ಅವನಿಗೆ ಅಕ್ಕ ಹಿಡಿದದ್ದು 250 ಗ್ರಾಂ, ಅದು ಸರಿಯೇ.

ಇನ್ನು ಲೋಟದ ವಿಷಯ. ಅಕ್ಕನ ಮನೆಯ ದೊಡ್ಡ ಸ್ಟೀಲ್ ಲೋಟದಲ್ಲಿ ಬಾಯಿಮಟ್ಟಕ್ಕೆ ಸವರಿ ತುಂಬಿದರೆ 125 ಗ್ರಾಂ ಹಿಡಿಯುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು, ಒಟ್ಟು 250. ಇದನ್ನು ಅವರು ಮೊದಲ ದಿನ ತೂಗಿ ನೋಡಿದ್ದರು. ಆಮೇಲೆ ಯಾರೂ ಸವರಲಿಲ್ಲ. ಚೀಲದೊಳಗೆ ಲೋಟ ಮುಳುಗಿಸಿ ಎತ್ತಿದರೆ ಮೇಲೆ ಗೋಪುರ ನಿಂತಿರುತ್ತದೆ. ಆ ಗೋಪುರದ ಸಮೇತ ಲೋಟವನ್ನು ನಾನು ತಕ್ಕಡಿ ಮೇಲೆ ಸುರಿದೆ. 160 ಗ್ರಾಂ ಬಂತು. ಎರಡು ಹೊತ್ತಿಗೆ 320. ಅಂದರೆ ದಿನಕ್ಕೆ 80 ರೂಪಾಯಿ, ಚೀಲ ಬರುವುದು 31 ದಿನ. ಅಕ್ಕ ಅಂದುಕೊಂಡಿದ್ದ 62 ರೂಪಾಯಿ 50 ಪೈಸೆ ಎಲ್ಲಿ, ಇದೆಲ್ಲಿ!

ಹೀಗೆ ಮಾಡಿ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ನಾಯಿಯ ಬಟ್ಟಲು ಇಡಿ. ಸೊನ್ನೆ ಮಾಡುವ ಗುಂಡಿ ಒತ್ತಿ. ಒಂದು ಹೊತ್ತಿನ ಗ್ರಾಂ ಬರುವವರೆಗೆ ಕಾಳು ಸುರಿಯಿರಿ. ಅದನ್ನು ಒಂದು ಹಳೆಯ ಲೋಟಕ್ಕೆ ಹಾಕಿ, ಅಲ್ಲಾಡಿಸಿ ಸಮ ಮಾಡಿ, ಎಲ್ಲಿಗೆ ಬಂತೋ ಅಲ್ಲಿ ಒಳಗಡೆ ಮೊಳೆಯಿಂದ ಗೀರು ಎಳೆಯಿರಿ. ಆ ಲೋಟ ಇನ್ನು ನಾಯಿಯದು, ಬೇರೆ ಯಾವುದಕ್ಕೂ ಬಳಸಬೇಡಿ. ಬ್ರ್ಯಾಂಡ್ ಬದಲಾಯಿಸಿದರೆ ಗೀರನ್ನೂ ಹೊಸದಾಗಿ ಹಾಕಬೇಕು. ಕಾಳಿನ ಗಾತ್ರ ಬೇರೆಯಾದರೆ ಅದೇ ಲೋಟದಲ್ಲಿ ಹಿಡಿಯುವ ತೂಕವೂ ಬೇರೆ. ತಕ್ಕಡಿ ಇಲ್ಲದಿದ್ದರೆ ಲೋಟ ಹಿಡಿದು ದಿನಸಿ ಅಂಗಡಿಗೆ ಹೋಗಿ, ತೂಗಿಕೊಡುತ್ತಾರೆ. ಆಳು ನಿಲ್ಲುವ ತಕ್ಕಡಿ ಇಷ್ಟು ಸಣ್ಣ ತೂಕಕ್ಕೆ ಆಗುವುದಿಲ್ಲ.

ಸರಿಯಾಗಿದೆಯಾ ಅಂತ ತಿಳಿಯಲು ಚೀಲ ಒಡೆದ ದಿನವನ್ನು ಚೀಲದ ಮೇಲೇ ಬರೆಯಿರಿ. ಖಾಲಿಯಾದ ದಿನ ಎಣಿಸಿ. 40 ದಿನ ಬರಬೇಕಾದದ್ದು 31ಕ್ಕೇ ಮುಗಿದರೆ ಮನೆಯಲ್ಲಿ ಯಾರೋ ಗೋಪುರ ತುಂಬುತ್ತಿದ್ದಾರೆ, ಇಲ್ಲವೇ ಚೀಲದಲ್ಲಿ ಸ್ವಲ್ಪ ಹಾಳಾಗಿದೆ.

ಮಳೆಗಾಲದಲ್ಲಿ ದೊಡ್ಡ ಚೀಲ

ನಮ್ಮ ಕಡೆ ಇದನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಲೆಕ್ಕವೇ ಅಲ್ಲ. ದೊಡ್ಡ ಚೀಲ ಅಗ್ಗ, ನಿಜ. ಅದೇ ಕಾಳಿನ 3 ಕೆಜಿ ಚೀಲ 900 ರೂಪಾಯಿ, ಅಂದರೆ ಗ್ರಾಮಿಗೆ 30 ಪೈಸೆ. ಆದರೆ ಪುನರ್ವಸು, ಪುಷ್ಯ ಮಳೆ ಹಿಡಿದಾಗ ಹೊದಿಕೆಯೂ ಒಣಗದ ಮನೆಯಲ್ಲಿ ಒಡೆದ ಚೀಲ 40 ದಿನ ಗರಿಗರಿಯಾಗಿ ಇರುವುದು ಕಷ್ಟ. ಒಂದು ಕಾಳು ಬೆರಳಲ್ಲಿ ಮುರಿದು ನೋಡಿ. ಟಕ್ ಅಂತ ಮುರಿಯದೆ ಬಗ್ಗಿದರೆ ಥಂಡಿ ಎಳೆದಿದೆ ಅಂತ ಅರ್ಥ. ಮುಗ್ಗಲು ವಾಸನೆ ಬಂದರೆ, ಬೂಷ್ಟು ಕಂಡರೆ, ಆ ಚೀಲ ಮುಗಿಯಿತು. ಮೇಲಿನದನ್ನು ತೆಗೆದು ಉಳಿದದ್ದು ಹಾಕಬೇಡಿ, ಬಾಣಲೆಯಲ್ಲಿ ಹುರಿದೂ ಹಾಕಬೇಡಿ. ಕೆಲವು ಬೂಷ್ಟಿನ ವಿಷ ನಾಯಿಯ ಲಿವರ್ ಕೆಡಿಸುತ್ತದೆ, ಹುರಿದರೆ ಅದು ಹೋಗುವುದಿಲ್ಲ.

ಈಗ ದುಡ್ಡು ನೋಡಿ. 10 ಕೆಜಿಯಲ್ಲಿ 2 ಕೆಜಿ ಎಸೆಯಬೇಕಾಯಿತು ಅಂದುಕೊಳ್ಳಿ. 2,500 ರೂಪಾಯಿ ಕೊಟ್ಟು ಸಿಕ್ಕಿದ್ದು 8 ಕೆಜಿ. ಕೆಜಿಗೆ 312 ರೂಪಾಯಿ 50 ಪೈಸೆ ಬಿತ್ತು. ಸಣ್ಣ ಚೀಲವೇ ಅಗ್ಗ ಆಯಿತು, ಅಲ್ವಾ? ಅದಕ್ಕೆ ನನ್ನ ಖಡಾಖಂಡಿತ ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರಕ್ಕೆ ಮುಗಿಯುವಷ್ಟೇ ತನ್ನಿ. ಚೀಲದ ಸಮೇತ ಬಿಗಿ ಮುಚ್ಚಳದ ಡಬ್ಬದೊಳಗೆ ಇಡಿ, ಡಬ್ಬವನ್ನು ನೆಲಕ್ಕೆ ತಾಗಿಸಬೇಡಿ.

ಅಂಗಡಿಯಲ್ಲಿ ದೊಡ್ಡ ಚೀಲ ಒಡೆದು ಪ್ಲಾಸ್ಟಿಕ್ ಕವರಲ್ಲಿ ಬಿಡಿಯಾಗಿ ತೂಗಿ ಕೊಡುವುದು ಅಗ್ಗ ಅಂತ ತರಬೇಡಿ. ಯಾವತ್ತು ಒಡೆದದ್ದು, ಯಾವಾಗ ತಯಾರಾದದ್ದು, ಯಾವುದೂ ಗೊತ್ತಾಗುವುದಿಲ್ಲ. ನಾನು ಒಮ್ಮೆ ತಂದು, ಮನೆಯಲ್ಲಿ ಮೂಸಿ ನೋಡಿ, ಅಷ್ಟನ್ನೂ ಗುಂಡಿ ತೆಗೆದು ಮುಚ್ಚಿದ್ದೇನೆ.

ಮೂರನೆಯದು, ಬಿಸ್ಕತ್ತು ಮತ್ತು ಕಡ್ಡಿ

ಯಾವಾಗಲೋ ಒಮ್ಮೆ ಕೊಡುವುದು ಅಂತ ಇದನ್ನು ಬಿಟ್ಟುಬಿಡುತ್ತಾರೆ. ಪ್ಯಾಕೆಟ್ ಎಷ್ಟು ದಿನ ಬಂತು ಅಂತ ನೋಡಿ ಭಾಗಿಸಿದರೆ ಸಾಕು. ಅಕ್ಕ ತರುವ ನಾಯಿ ಬಿಸ್ಕತ್ತು 210 ರೂಪಾಯಿ, ಮೂರು ವಾರ ಬರುತ್ತದೆ. ದಿನಕ್ಕೆ 10 ರೂಪಾಯಿ. ಅಗಿಯುವ ಕಡ್ಡಿ ಒಂದಕ್ಕೆ 15 ರೂಪಾಯಿ, ವಾರಕ್ಕೆ ಮೂರು. 45ನ್ನು 7ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 6 ರೂಪಾಯಿ 40 ಪೈಸೆ.

ತಿಂಡಿ ಕೊಟ್ಟಷ್ಟು ಊಟ ಇಳಿಸಬೇಕು. ದಿನದ ಆಹಾರದ ಶಕ್ತಿಯಲ್ಲಿ ತಿಂಡಿಯದು ಹತ್ತನೇ ಒಂದು ಪಾಲು ಮೀರಬಾರದು ಅಂತ ಪಶುವೈದ್ಯರು ಹೇಳುತ್ತಾರೆ. ಒಣ ಬಿಸ್ಕತ್ತಾದರೆ ಹೆಚ್ಚುಕಡಿಮೆ ತೂಕಕ್ಕೆ ತೂಕ ಕಡಿಮೆ ಮಾಡಿದರೆ ನಡೆಯುತ್ತದೆ. ಕಾಳನಿಗೆ 25 ಗ್ರಾಂ ಇಳಿಸಿ 225 ಮಾಡಿದೆವು. ಲೋಟದ ಗೀರೂ ಕೆಳಗಿಳಿಯಿತು. ನಾವು ಚಹಾಕ್ಕೆ ಅದ್ದುವ ಸಿಹಿ ಬಿಸ್ಕತ್ತು ಮಾತ್ರ ಬೇಡವೇ ಬೇಡ. ಚಾಕೊಲೇಟ್ ಇರುವುದಂತೂ ನಾಯಿಗೆ ವಿಷ.

ಕೂಡಿಸಿ

ಬೇಸಿಗೆಯಲ್ಲಿ ದೊಡ್ಡ ಚೀಲ: 225 ಗ್ರಾಮಿಗೆ 56 ರೂಪಾಯಿ 25 ಪೈಸೆ, ತಿಂಡಿಗೆ 16 ರೂಪಾಯಿ 40 ಪೈಸೆ. ಒಟ್ಟು ಸುಮಾರು 73 ರೂಪಾಯಿ. ಮಳೆಗಾಲದಲ್ಲಿ ಸಣ್ಣ ಚೀಲ: ಕಾಳಿಗೆ 67 ರೂಪಾಯಿ 50 ಪೈಸೆ, ತಿಂಡಿ ಸೇರಿ ಸುಮಾರು 84 ರೂಪಾಯಿ. ಮೊದಲು ಗೋಪುರದ ಲೋಟಕ್ಕೆ 80, ಮೇಲೆ ತಿಂಡಿ 16, ಹೀಗೆ ಅಕ್ಕನ ಕೈಯಿಂದ ದಿನಕ್ಕೆ 96 ರೂಪಾಯಿ ಹೋಗುತ್ತಿತ್ತು. ಈ ಸಲ ಅವರ ಚೀಲದ ಮೇಲೆ ಎರಡು ತಾರೀಖು ಇದ್ದವು. ಎಣಿಸಿದೆ, ನಡುವೆ 44 ದಿನ.