ಮಕ್ಕಳ ಮುಂದೆ ಮೂರು ಲೋಟ ಇಡ್ಲಿ ಹಿಟ್ಟು

ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ನಾಲ್ಕು, ಐದನೆಯ ತರಗತಿಯ ಮಕ್ಕಳಿಗೆ ಸೂಕ್ಷ್ಮಜೀವಿಗಳ ಬಗ್ಗೆ ಹತ್ತು ನಿಮಿಷ ಮಾತನಾಡುವುದು ನನ್ನ ಪಾಲಿಗೆ ಬಂದಿತ್ತು. ಕಾಯಿಲೆಯಿಂದ ಆರಂಭಿಸಿದರೆ ಮಕ್ಕಳಿಗೆ ಉಳಿಯುವುದು ಭಯ ಮಾತ್ರ ಎಂದು ಇಡ್ಲಿ ಹಿಟ್ಟನ್ನು ಆರಿಸಿಕೊಂಡೆ.

ವಾರದ ಮೊದಲು ಒಂದು ತರಗತಿಯಲ್ಲಿ ಅಭ್ಯಾಸ ಮಾಡಿದಾಗ ಎಡವಿದೆ. ಒಂದು ಲೋಟದಲ್ಲಿ ರಾತ್ರಿ ಉಬ್ಬಿದ ಹಿಟ್ಟು, ಇನ್ನೊಂದರಲ್ಲಿ ಸೂಕ್ಷ್ಮಜೀವಿಗಳು ಸಾಯಲೆಂದು ಕುದಿಸಿ ಆರಿಸಿದ ಹಿಟ್ಟು. ಎರಡನೆಯದು ಉಬ್ಬಿರಲಿಲ್ಲ. ಆದರೆ ಒಬ್ಬ ಹುಡುಗ ಎದ್ದು, "ಮಿಸ್, ಅದು ಬೆಂದು ಗಟ್ಟಿಯಾಗಿದೆ, ಹೇಗೆ ಉಬ್ಬುತ್ತದೆ?" ಎಂದ. ಅವನ ಮಾತು ಸರಿ. ಎರಡು ಲೋಟಗಳ ನಡುವೆ ಒಂದೇ ವ್ಯತ್ಯಾಸ ಇರಬೇಕಿತ್ತು, ನಾನು ಎರಡು ಮಾಡಿದ್ದೆ.

ಹಾಗಾಗಿ ಕುದಿಸುವುದನ್ನು ಬಿಟ್ಟೆ. ಹಿಂದಿನ ಸಂಜೆ ಒಂದು ಅಳತೆ ಉದ್ದು, ಎರಡು ಅಳತೆ ಇಡ್ಲಿ ರವೆಯ ಹಿಟ್ಟು ಕಲಸಿ, ಎರಡು ಗಾಜಿನ ಲೋಟಗಳಿಗೆ ಮೂರನೆಯ ಒಂದು ಭಾಗದಷ್ಟು ಸುರಿದು, ಮಟ್ಟಕ್ಕೆ ಸರಿಯಾಗಿ ಕೆಂಪು ದಾರ ಕಟ್ಟಿದೆ. ಒಂದನ್ನು ಒಲೆಯ ಪಕ್ಕ, ಇನ್ನೊಂದನ್ನು ಫ್ರಿಜ್‌ನಲ್ಲಿ ಇಟ್ಟೆ. ಬೆಳಿಗ್ಗೆ ಆಗ ತಾನೇ ರುಬ್ಬಿದ ಹಿಟ್ಟಿನಿಂದ ಮೂರನೆಯ ಲೋಟ ತುಂಬಿದೆ. ಒಲೆಯ ಪಕ್ಕದ್ದು ದಾರದಿಂದ ಮೇಲೇರಿ ಸುಮಾರು ಎರಡರಷ್ಟಾಗಿತ್ತು. ಗಾಜಿನ ಬದಿಯಲ್ಲಿ ಗುಳ್ಳೆಗಳು ಸ್ಪಷ್ಟವಾಗಿದ್ದವು.

"ಇದನ್ನು ಉಬ್ಬಿಸಿದವರು ಯಾರು?" ಎಂದೇ ಮಾತು ಆರಂಭಿಸಿದೆ. "ಸೋಡಾ!" ಎಂದರು ಹಲವರು. ಹಾಕಿಲ್ಲ ಎಂದೆ. ಆಮೇಲೆ ಅವರ ಸ್ಕೇಲನ್ನು ತೆಗೆಸಿದೆ. ಅದರ ಅತಿ ಚಿಕ್ಕ ಮನೆ, ಒಂದು ಮಿಲಿಮೀಟರ್. ಈ ಕೆಲಸ ಮಾಡುವ ಬ್ಯಾಕ್ಟೀರಿಯಾಗಳು ಸಾಲಾಗಿ ನಿಂತರೆ ಆ ಒಂದು ಮನೆಯಲ್ಲಿ ಸುಮಾರು ಸಾವಿರ ಹಿಡಿಸುತ್ತವೆ. ಅವು ಉದ್ದಿನ ಬೇಳೆಯ ಜೊತೆಗೇ ಬಂದಿರುತ್ತವೆ. ಹಿಟ್ಟಿನ ಸಕ್ಕರೆಯಂಶವನ್ನು ತಿಂದು ಹುಳಿಯನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತವೆ. ಉದ್ದಿನ ಅಂಟು ಆ ಅನಿಲವನ್ನು ಹಿಡಿದಿಡುವುದರಿಂದ ಹಿಟ್ಟು ಏರುತ್ತದೆ. ಆ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದ ಲ್ಯೂಕೊನೊಸ್ಟಾಕ್‌ನ ಹೆಸರನ್ನು ಒಮ್ಮೆ ಮಾತ್ರ ಹೇಳಿದೆ. ಉಬ್ಬಿದ ಹಿಟ್ಟನ್ನು ಮೂಸಲು ಕೊಟ್ಟೆ, ಹಸಿ ಹಿಟ್ಟನ್ನು ರುಚಿ ನೋಡಲು ಬಿಡಲಿಲ್ಲ.

ಫ್ರಿಜ್‌ನ ಲೋಟ ದಾರದ ಮಟ್ಟದಲ್ಲೇ ಇತ್ತು. "ಅದರಲ್ಲಿ ಅವು ಸತ್ತುಹೋದವಾ ಮಿಸ್?" ಎಂದು ಒಬ್ಬಳು ಕೇಳಿದಳು. ಉತ್ತರ ಹೇಳಲು ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ. ಲೋಟವನ್ನು ಕಿಟಕಿಯ ಬಿಸಿಲಿನ ಪಕ್ಕದ ನೆರಳಿನಲ್ಲಿ ಇಟ್ಟು, ಸಂಜೆ ಬಂದು ನೋಡು ಎಂದೆ.

ನಾಲ್ಕು ಗಂಟೆಗೆ ಚೀಲ ಹೆಗಲಿಗೇರಿಸಿಕೊಂಡೇ ಬಂದಳು. ಹಿಟ್ಟು ದಾರದಿಂದ ಒಂದು ಬೆರಳಗಲ ಮೇಲಿತ್ತು. "ಚಳಿಗೆ ಮಲಗಿದ್ದವು" ಎಂದು ಜೊತೆಗಿದ್ದ ತಮ್ಮನಿಗೆ ಅವಳೇ ವಿವರಿಸಿದಳು.