‘ಇದು ಸಿವಿಲ್ ಮ್ಯಾಟರ್’ ಅಂದರು: ಎಫ್‌ಐಆರ್ ಹಾಕಿಸಿದ ನನ್ನ ಅನುಭವ

ಬೆಂಗಳೂರಿನಲ್ಲಿ ಮನೆ ಭೋಗ್ಯಕ್ಕೆ ಹಾಕಿಕೊಂಡು ಮೋಸ ಹೋದವರಿಗೆ ಠಾಣೆಯಲ್ಲಿ ಸಿಗುವ ಮೊದಲ ಉತ್ತರ ಸಾಮಾನ್ಯವಾಗಿ ಒಂದೇ: “ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ.” ನನಗೂ ಅದನ್ನೇ ಹೇಳಿದರು. ಮನೆ ಮಾಲೀಕರ ಪರವಾಗಿ ವ್ಯವಹರಿಸಲು ಜಿಪಿಎ, ಅಂದರೆ ಅಧಿಕಾರ ಪತ್ರ ಇದೆ ಅಂತ ಒಬ್ಬ ಏಜೆಂಟ್ ಪತ್ರ ತೋರಿಸಿದ್ದ. ಮೂರು ವರ್ಷದ ಕರಾರು ಮಾಡಿಕೊಂಡು ಒಂಬತ್ತು ಲಕ್ಷ ಆರ್‌ಟಿಜಿಎಸ್ ಮಾಡಿದ್ದೆ. ಕೆಲವು ತಿಂಗಳಾದ ಮೇಲೆ ನಿಜವಾದ ಮಾಲೀಕರು ಬಂದು ಬಾಡಿಗೆ ಬಾಕಿ ಕೇಳಿದರು. ಆ ಏಜೆಂಟ್ ಅವರ ಹತ್ತಿರ ತಿಂಗಳ ಬಾಡಿಗೆಗೆ ಮನೆ ಹಿಡಿದು, ನಮಗೆ ಲೀಸಿಗೆ ಕೊಟ್ಟಿದ್ದ.

ಪೊಲೀಸರು ಸಿವಿಲ್ ಅನ್ನೋದಕ್ಕೆ ಒಂದು ಕಾರಣ ಇದೆ, ಅದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಕೊಟ್ಟ ಮಾತು ಆಮೇಲೆ ತಪ್ಪಿದರೆ ಅದು ಕರಾರು ಮುರಿದ ವಿಷಯ, ಸಿವಿಲ್. ಹಣ ತೆಗೆದುಕೊಳ್ಳುವಾಗಲೇ ಮೋಸದ ಉದ್ದೇಶ ಇತ್ತು, ಸುಳ್ಳು ನಂಬಿ ನಾವು ಹಣ ಕೊಟ್ಟೆವು ಅಂದರೆ ಅದು ವಂಚನೆ. ಭಾರತೀಯ ನ್ಯಾಯ ಸಂಹಿತೆಯ 318(4) ಅದಕ್ಕೇ ಇರೋದು. ಅದು ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ಎಫ್‌ಐಆರ್ ದಾಖಲಿಸಬೇಕಾದ ಅಪರಾಧ. ಹಾಗಾಗಿ ಸುಳ್ಳು ಶುರುವಿನಲ್ಲೇ ಇತ್ತು ಅನ್ನೋದು ದೂರಿನಲ್ಲಿ ಎದ್ದು ಕಾಣಬೇಕು.

ದೂರು ಬರೆಯುವ ಮೊದಲು ನಾನು ಜಿಪಿಎ ಪ್ರತಿಯ ಮೇಲೆ ಮೊಹರು ಇದ್ದ ನೋಟರಿಯವರನ್ನು ಹುಡುಕಿಕೊಂಡು ಹೋದೆ. ಅವರು ರಿಜಿಸ್ಟರ್ ತೆಗೆದು ಆ ಕ್ರಮಸಂಖ್ಯೆ ನೋಡಿದರು. ಅಲ್ಲಿ ಇದ್ದದ್ದು ಬೇರೆ ಯಾರದೋ ಹೆಸರು ತಿದ್ದುಪಡಿಯ ಅಫಿಡವಿಟ್. ಮಾಲೀಕರೂ “ನಾನು ಯಾರಿಗೂ ಜಿಪಿಎ ಬರೆದುಕೊಟ್ಟಿಲ್ಲ” ಅಂತ ಸಹಿ ಮಾಡಿಕೊಟ್ಟರು. ಅವರೂ ಮೋಸ ಹೋದವರೇ. ಅವರ ಜೊತೆ ಜಗಳಕ್ಕೆ ನಿಲ್ಲದೆ ಸಾಕ್ಷಿ ಮಾಡಿಕೊಂಡಿದ್ದು ಆಮೇಲೆ ತುಂಬಾ ಉಪಯೋಗಕ್ಕೆ ಬಂತು.

ಠಾಣೆಯಲ್ಲಿ ರೈಟರ್ ನನ್ನ ದೂರು ಓದಿ, “ಇಷ್ಟೆಲ್ಲ ಯಾಕೆ ಸರ್? ಹಣ ವಾಪಸ್ ಕೊಡಿಸಿಕೊಡಿ ಅಂತ ಬರೀರಿ, ಕರೆಸಿ ಮಾತಾಡ್ತೀವಿ” ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆ ಒಂದು ಸಾಲು ಬಂದರೆ ದೂರು ಹಣ ವಸೂಲಿಯ ಅರ್ಜಿ ಆಗಿಬಿಡುತ್ತದೆ. ನಾನು ಕೊನೆಯ ಸಾಲನ್ನು ಹಾಗೇ ಉಳಿಸಿಕೊಂಡೆ: “ನಕಲಿ ಜಿಪಿಎ ತೋರಿಸಿ, ತಾನು ಮಾಲೀಕರ ಪ್ರತಿನಿಧಿ ಎಂದು ನಂಬಿಸಿ ನನ್ನಿಂದ ಒಂಬತ್ತು ಲಕ್ಷ ರೂಪಾಯಿ ಪಡೆದು ವಂಚಿಸಿದ ಈ ವ್ಯಕ್ತಿಯ ಮೇಲೆ ಪ್ರಕರಣ ದಾಖಲಿಸಿ ಕಾನೂನು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.”

ಆಮೇಲೆ ಬಂದದ್ದು ಹಿಂಬರಹ. ವಿಷಯ ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ ಅಂತ ಒಂದು ಹಾಳೆ. ಅದನ್ನು ನೋಡಿ ಎದೆಗುಂದಬೇಡಿ. ಪೊಲೀಸರು ದಾಖಲಿಸಲು ಒಪ್ಪಲಿಲ್ಲ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ದಾಖಲೆ ಇಲ್ಲ. ಬಾಯಿಮಾತಿನಲ್ಲಿ ಕಳಿಸಿದರೆ ಮಾತ್ರ ಕಷ್ಟ. ಆಗ ಅದೇ ದೂರನ್ನು ಠಾಣಾಧಿಕಾರಿಯ ಹೆಸರಿಗೆ ಅಂಚೆಯಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಬೇಕು.

ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ: ಸಂಜ್ಞೇಯ ಅಪರಾಧ ದೂರಿನಲ್ಲಿ ಕಂಡರೆ ಎಫ್‌ಐಆರ್ ಕಡ್ಡಾಯ. ಆದರೆ ಹಣಕಾಸಿನ ವ್ಯವಹಾರದಂಥ ಕೆಲವು ವಿಷಯಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ ಅದೇ ತೀರ್ಪು ಅವಕಾಶ ಕೊಟ್ಟಿದೆ. ನಮ್ಮಂಥ ದೂರುಗಳು ನಿಂತುಬಿಡೋದು ಹೆಚ್ಚಾಗಿ ಇಲ್ಲೇ. ಆ ವಿಚಾರಣೆ ನಡೆಸೋದು ಸಂಜ್ಞೇಯ ಅಪರಾಧ ಕಾಣುತ್ತದೋ ಇಲ್ಲವೋ ಅಂತ ನೋಡಲು ಮಾತ್ರ. ದೂರಿನಲ್ಲಿ ಹೇಳಿದ್ದು ನಿಜವೋ ಸುಳ್ಳೋ ಅಂತ ಅಲ್ಲೇ ತೀರ್ಮಾನ ಮಾಡುವ ಹಾಗಿಲ್ಲ. ದೂರು ಮುಕ್ತಾಯ ಮಾಡಿದರೆ ಕಾರಣ ಬರೆದು ಒಂದು ವಾರದೊಳಗೆ ದೂರುದಾರರಿಗೆ ಪ್ರತಿ ಕೊಡಬೇಕು.

ಮುಂದಿನ ಮೆಟ್ಟಿಲು ಎಸ್‌ಪಿ. ಬೆಂಗಳೂರಿನಲ್ಲಾದರೆ ಆ ವಿಭಾಗದ ಡಿಸಿಪಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4) ಇದನ್ನೇ ಹೇಳುತ್ತದೆ: ಠಾಣೆ ದಾಖಲಿಸದಿದ್ದರೆ ದೂರಿನ ಸಾರವನ್ನು ಬರೆದು ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು. ನಾನು ಡಿಸಿಪಿ ಕಚೇರಿಗೆ ಹೋಗಿ ಮೊಹರು ಹಾಕಿಸಿಕೊಂಡು ಬಂದೆ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿದೆ. ರಸೀದಿ, ತಲುಪಿದ ಬಗ್ಗೆ ಟ್ರ್ಯಾಕಿಂಗ್ ಪುಟದ ಪ್ರಿಂಟ್ ಎರಡನ್ನೂ ಜೋಪಾನ ಮಾಡಿದೆ. ಅರ್ಜಿ ಅಲ್ಲಿಂದ ಎಸಿಪಿಗೆ, ಎಸಿಪಿಯಿಂದ ಮತ್ತೆ ಅದೇ ಠಾಣೆಗೆ ಬಂತು. ಹೀಗಾಗೋದು ಹೊಸದೇನಲ್ಲ. ಎಸ್‌ಪಿ ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಅಂತ ಕಲಂನಲ್ಲಿ ಇಲ್ಲ. ಕೆಲವು ವಾರ ಕಾದು ಮುಂದೆ ಹೋಗಬೇಕು, ಸುಮ್ನೆ ತಿಂಗಳುಗಟ್ಟಲೆ ಕೂರಬಾರದು.

ಮುಂದೆ ಅಂದರೆ ಮ್ಯಾಜಿಸ್ಟ್ರೇಟ್. ನೇರವಾಗಿ ಹೈಕೋರ್ಟಿಗೆ ಹೋಗೋಣ ಅಂತ ಕೆಲವರು ಹೇಳಿದರು. ಎಫ್‌ಐಆರ್ ಆಗದಿದ್ದರೆ ಮೊದಲು ಮ್ಯಾಜಿಸ್ಟ್ರೇಟ್ ಹತ್ತಿರವೇ ಹೋಗಬೇಕು ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಸಕೀರಿ ವಾಸು ಪ್ರಕರಣದಲ್ಲಿ ಹೇಳಿದೆ. ನಮ್ಮ ವಕೀಲರು ಪಿಸಿಆರ್, ಅಂದರೆ ಖಾಸಗಿ ದೂರು ಹಾಕಿದರು. ನಾಗರಿಕ ಸುರಕ್ಷಾ ಸಂಹಿತೆಯ 175(3)ರ ಅಡಿ ತನಿಖೆಗೆ ಆದೇಶಿಸಿ ಅಂತ ಕೋರಿಕೆ. ಇದರ ಜೊತೆ ಅಫಿಡವಿಟ್ ಕಡ್ಡಾಯ, ಮೊದಲು ಠಾಣೆಗೆ ಮತ್ತು ಎಸ್‌ಪಿಗೆ ಹೋಗಿದ್ದೀರಿ ಅನ್ನೋದಕ್ಕೆ ದಾಖಲೆಯೂ ಬೇಕು. ಹಿಂಬರಹ ಮತ್ತು ಅಂಚೆ ರಸೀದಿ ಕೆಲಸಕ್ಕೆ ಬರೋದು ಇಲ್ಲಿ. ಅಫಿಡವಿಟ್‌ನಲ್ಲಿ ಸುಳ್ಳು ಹೇಳಿದರೆ ನಮ್ಮ ಮೇಲೇ ಕೇಸ್ ಆಗುತ್ತದೆ, ಹಾಗಾಗಿ ಗೊತ್ತಿದ್ದಷ್ಟೇ ಬರೆಯಬೇಕು.

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ಇನ್ನೊಂದು ವಿಷಯಕ್ಕೆ. ಮ್ಯಾಜಿಸ್ಟ್ರೇಟ್ ಮುಂದೆ ಎರಡು ದಾರಿ ಇರುತ್ತವೆ. ಪೊಲೀಸ್ ತನಿಖೆಗೆ ಆದೇಶ ಮಾಡಬಹುದು. ಇಲ್ಲವಾದರೆ 223ರ ಅಡಿ ನಮ್ಮ ಪ್ರಮಾಣ ಹೇಳಿಕೆ, ಸಾಕ್ಷಿಗಳ ಹೇಳಿಕೆ ತೆಗೆದುಕೊಂಡು ತಾವೇ ಮುಂದುವರಿಸಬಹುದು. ಎರಡನೇ ದಾರಿಯಾದರೆ ಸಾಕ್ಷ್ಯದ ಹೊರೆ ನಮ್ಮ ತಲೆ ಮೇಲೆ. ಆರೋಪಿಯ ಬ್ಯಾಂಕ್ ಖಾತೆಯ ವಿವರ ನನಗೆ ಯಾರು ಕೊಡುತ್ತಾರೆ? ಮೂಲ ಜಿಪಿಎ ಅವನ ಹತ್ತಿರ ಇದೆ, ಅದನ್ನು ವಶಪಡಿಸಿಕೊಂಡು ಸಹಿ ಪರೀಕ್ಷೆಗೆ ಕಳಿಸೋದು ನನ್ನ ಕೈಯಲ್ಲಿ ಆಗುತ್ತಾ? ಇದನ್ನೇ ನಾವು ಅರ್ಜಿಯಲ್ಲಿ ಬೇರೆ ಪ್ಯಾರಾ ಮಾಡಿ ಬರೆದೆವು: ಹಣ ಯಾವ ಖಾತೆಗೆ ಹೋಯಿತು, ಮೂಲ ದಾಖಲೆ ಎಲ್ಲಿದೆ, ಇದೇ ರೀತಿ ಬೇರೆ ಯಾರಿಗೆ ಮನೆ ಕೊಟ್ಟಿದ್ದಾನೆ, ಇವನ್ನು ಪೊಲೀಸರು ಮಾತ್ರ ಪತ್ತೆ ಮಾಡಬಲ್ಲರು. ‘ಪೊಲೀಸರು ದೂರು ತೆಗೆದುಕೊಳ್ಳಲಿಲ್ಲ’ ಅಂತಷ್ಟೇ ಬರೆದರೆ ಸಾಲದು.

ಹೊಸ ಕಾಯ್ದೆಯಲ್ಲಿ ಆದೇಶಕ್ಕೆ ಮೊದಲು ಪೊಲೀಸರು ಏನು ಹೇಳುತ್ತಾರೆ ಅನ್ನೋದನ್ನೂ ಮ್ಯಾಜಿಸ್ಟ್ರೇಟ್ ನೋಡಬೇಕು. ಠಾಣೆ ಅಲ್ಲೂ ಸಿವಿಲ್ ಅಂತಲೇ ವರದಿ ಕೊಟ್ಟಿತು. ನೋಟರಿ ರಿಜಿಸ್ಟರ್‌ನ ಆ ಪುಟದ ಪ್ರತಿ ಮತ್ತು ಮಾಲೀಕರ ಹೇಳಿಕೆ ಎದುರಿಗಿದ್ದವು. ತನಿಖೆಗೆ ಆದೇಶ ಆಯಿತು. ಆದೇಶ ಠಾಣೆಗೆ ತಲುಪಿದ ಮೇಲೆ ಎಫ್‌ಐಆರ್ ದಾಖಲಾಯಿತು, ಪ್ರತಿ ಉಚಿತವಾಗಿ ಸಿಕ್ಕಿತು. ವಂಚನೆಯ ಜೊತೆ ನಕಲಿ ದಾಖಲೆ ಸೃಷ್ಟಿ ಮತ್ತು ಬಳಕೆಯ ಕಲಂಗಳು ಬಿದ್ದಿವೆಯೇ ಅಂತ ಅಲ್ಲೇ ನಿಂತು ಓದಿ ನೋಡಿದೆ.

ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತ ಅದೇ ಸುರಕ್ಷಾ ಸಂಹಿತೆಯ 193ನೇ ಕಲಂ ಹೇಳುತ್ತದೆ. ಅದನ್ನು ಉಲ್ಲೇಖಿಸಿ ತನಿಖಾಧಿಕಾರಿಗೆ ಪತ್ರ ಕೊಟ್ಟೆ, ಮಾಹಿತಿ ಬಂತು. ಎಫ್‌ಐಆರ್ ಆದ ಮಾತ್ರಕ್ಕೆ ಹಣ ವಾಪಸ್ ಬರೋದಿಲ್ಲ. ವಸೂಲಿ ದಾವೆಗೆ ಮೂರು ವರ್ಷದ ಕಾಲಮಿತಿ ಇರುವುದರಿಂದ ಅದನ್ನು ಸಿವಿಲ್ ಕೋರ್ಟಿನಲ್ಲಿ ಬೇರೆಯಾಗಿ ಹಾಕಿದ್ದೇನೆ. ಎರಡೂ ಒಟ್ಟಿಗೆ ನಡೆಯಬಹುದು, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.