ಕೇಸ್ ಸ್ಟಡಿ ಮುಗಿದ ಮೇಲೆ ಕಳಿಸಬೇಕಾದ ಆ ಒಂದು ಮೇಲ್

ಸಂಜೆ ನಾಲ್ಕೂವರೆಗೆ ಚಿಕ್ಕಪ್ಪನ ಮಗಳು ಫೋನ್ ಮಾಡಿದಳು. ಇಂಟರ್‌ವ್ಯೂ ಮುಗಿಸಿ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತಿದ್ದಳು.

"ಅಣ್ಣಾ, ಪ್ರೆಸೆಂಟೇಷನ್ ಚೆನ್ನಾಗೇ ಆಯ್ತು. ಆದ್ರೆ ಒಂದು ಕಡೆ ಬಾಯಿ ತಪ್ಪಿ ಏನೋ ಹೇಳ್ಬಿಟ್ಟೆ. ಇನ್ನೊಂದು ಲೆಕ್ಕ ಕೇಳಿದ್ರು, ನೋಡಿ ಕಳಿಸ್ತೀನಿ ಅಂದೆ. ಈಗ ಏನ್ ಮಾಡ್ಲಿ?"

ಬೆಂಗಳೂರಿನಲ್ಲಿ ಅನಲಿಸ್ಟ್ ಕೆಲಸಕ್ಕೆ ಹೋದವರಿಗೆ ಈ ಕೇಸ್ ಸ್ಟಡಿ ಸುತ್ತು ಗೊತ್ತಿರುತ್ತದೆ. ಕಂಪನಿಯವರು ಒಂದು ಸಮಸ್ಯೆ, ಒಂದಿಷ್ಟು ಡೇಟಾ ಕೊಟ್ಟು ಎರಡು ಮೂರು ದಿನ ಸಮಯ ಕೊಡುತ್ತಾರೆ. ಆಮೇಲೆ ಮೂರು ನಾಲ್ಕು ಜನರ ಪ್ಯಾನೆಲ್ ಮುಂದೆ ಸ್ಲೈಡ್ ತೋರಿಸಿ ಮಾತಾಡಬೇಕು, ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ನಾನೂ ಇಂಥ ಪ್ಯಾನೆಲ್‌ಗಳಲ್ಲಿ ಕೂತಿದ್ದೇನೆ. ಮುಗಿದ ಮೇಲೆ ಬರುವ ಮೇಲ್‌ಗಳಲ್ಲಿ ಹೆಚ್ಚಿನವು ಬರೀ ಥ್ಯಾಂಕ್ಸ್ ಹೇಳುವಂಥವು. ಓದುತ್ತೇವೆ, ಮರೆಯುತ್ತೇವೆ. ಕೇಳಿದ ಲೆಕ್ಕವನ್ನು ಹೊತ್ತು ಬರುವ ಮೇಲ್ ಮಾತ್ರ ಬೇರೆ. ಅದನ್ನು ತೆರೆದು, ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ನೋಡುತ್ತೇವೆ. ಹಾಗಾಗಿ ಅದರಲ್ಲಿ ತಪ್ಪಿದ್ದರೆ ಸಿಕ್ಕಿಬೀಳುವುದೂ ಖಂಡಿತ.

ಅವಳ ಕೇಸ್ ಇಟ್ಟುಕೊಂಡೇ ಹೇಳುತ್ತೇನೆ. ಕಂಪನಿಯ ಗುಟ್ಟು ಹೊರಬೀಳಬಾರದೆಂದು ಅಂಕಿಗಳನ್ನು ಬದಲಿಸಿದ್ದೇನೆ, ಲೆಕ್ಕಕ್ಕೂ ಸುಲಭವಾಗುತ್ತದೆ.

ಕೇಸ್ ಏನು

ಮನೆಗೆ ದಿನಸಿ ತಲುಪಿಸುವ ವ್ಯಾಪಾರ. ಸರಾಸರಿ ಬಿಲ್ 300 ರೂಪಾಯಿ. ಮಾರ್ಜಿನ್ 20%, ಅಂದರೆ 60 ರೂಪಾಯಿ. ಡೆಲಿವರಿಗೆ 40, ಪ್ಯಾಕಿಂಗ್ ಮತ್ತು ಪೇಮೆಂಟ್ ಶುಲ್ಕಕ್ಕೆ 10 ಹೋದರೆ ಒಂದು ಆರ್ಡರ್‌ನಲ್ಲಿ 10 ರೂಪಾಯಿ ಉಳಿಯುತ್ತದೆ. ಈಗ 199 ರೂಪಾಯಿಗಿಂತ ಕಡಿಮೆ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಆ ಮಿತಿಯನ್ನು 249ಕ್ಕೆ ಏರಿಸಿ ಎಂಬುದು ಇವಳ ಸಲಹೆ.

ಮೊದಲು ಹಾಳೆ, ಆಮೇಲೆ ಲ್ಯಾಪ್‌ಟಾಪ್

ಹೊರಗೆ ಬಂದ ಕೂಡಲೇ, ನೆನಪು ಹಸಿಯಾಗಿರುವಾಗಲೇ, ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ನಿಮ್ಮ ಮಾತಿಗೆ ತಿರುಗಿಸಬೇಡಿ. ಮನೆಗೆ ಹೋಗಿ ಊಟ ಮಾಡಿ ಕೂರುವಷ್ಟರಲ್ಲಿ ಪ್ರಶ್ನೆ ನಮಗೆ ಉತ್ತರ ಗೊತ್ತಿರುವ ರೂಪಕ್ಕೆ ಬದಲಾಗಿರುತ್ತದೆ. ಇವಳಿಗೂ ಹಾಗೇ ಆಗಿತ್ತು. ಫೋನಿನಲ್ಲಿ "ಬ್ರೇಕ್ ಈವನ್ ಎಷ್ಟು ಅಂತ ಕೇಳಿದ್ರು" ಅಂದಳು. ಸರಿಯಾಗಿ ನೆನಪು ಮಾಡ್ಕೋ ಅಂದ ಮೇಲೆ ಹೊರಬಂದದ್ದು ಇದು: "ಸರಾಸರಿ ಬಿಡಿ. ಕೈಯಿಂದ ದುಡ್ಡು ಹಾಕಿ ಕಳಿಸ್ತಿರೋ ಆರ್ಡರ್‌ಗಳು ಎಷ್ಟಿವೆ?" ಎರಡೂ ಒಂದೇ ಅಲ್ಲ ಅಲ್ವಾ? ಮೊದಲನೆಯದಕ್ಕೆ, ಅಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಬಿಲ್ ಎಷ್ಟು ಎಂಬುದಕ್ಕೆ, ಉತ್ತರ ರೂಪಾಯಿಯಲ್ಲಿ. ಎರಡನೆಯದಕ್ಕೆ ಆರ್ಡರ್‌ಗಳ ಎಣಿಕೆಯಲ್ಲಿ.

ತಿದ್ದಬೇಕಾದದ್ದು ಒಂದೇ

ಪ್ರೆಸೆಂಟೇಷನ್ ಮುಗಿದ ಮೇಲೆ ಯಾರಿಗೇ ಆದರೂ ಹತ್ತು ತಪ್ಪು ಕಾಣಿಸುತ್ತವೆ. ಸ್ಲೈಡ್‌ನಲ್ಲಿ ಅಕ್ಷರ ತಪ್ಪು, ಬಣ್ಣ ಸರಿ ಇಲ್ಲ, ಒಂದು ಉದಾಹರಣೆ ಹೇಳೋದು ಮರೆತೆ. ಎಲ್ಲವನ್ನೂ ಬರೆದರೆ ಅದು ತಪ್ಪೊಪ್ಪಿಗೆ ಪತ್ರವಾಗುತ್ತದೆ. ಒಂದೇ ಪ್ರಶ್ನೆ ಹಾಕಿಕೊಳ್ಳಿ: ನಾನು ಹೇಳಿದ್ದನ್ನು ಪ್ಯಾನೆಲ್ ಹಾಗೇ ನಂಬಿದರೆ, ನನ್ನ ಸಲಹೆಯ ಬಗ್ಗೆ ಅವರ ತೀರ್ಮಾನ ಬದಲಾಗುತ್ತದಾ? ಬದಲಾಗುವುದಾದರೆ ಬರೆಯಿರಿ. ಇಲ್ಲದಿದ್ದರೆ ಸುಮ್ನೆ ಬಿಡಿ.

ಇವಳ ತಪ್ಪು ಈ ಪರೀಕ್ಷೆಯಲ್ಲಿ ಪಾಸಾಯಿತು. ಸ್ಲೈಡ್‌ನಲ್ಲಿ "ಮಾರ್ಜಿನ್ 20%" ಎಂದು ಸರಿಯಾಗೇ ಇತ್ತು. ವಿವರಿಸುವಾಗ ಮಾತ್ರ "ಅಸಲಿನ ಮೇಲೆ ಇಪ್ಪತ್ತು ಪರ್ಸೆಂಟ್" ಅಂದುಬಿಟ್ಟಿದ್ದಳು. ಚಿಕ್ಕಪ್ಪನದು ತಿಪಟೂರಿನಲ್ಲಿ ದಿನಸಿ ಅಂಗಡಿ. ಅಲ್ಲಿ ಎಲ್ಲ ಲೆಕ್ಕವೂ ಅಸಲಿನ ಮೇಲೇ. ನೂರಕ್ಕೆ ತಂದು ನೂರಿಪ್ಪತ್ತಕ್ಕೆ ಮಾರಿದರೆ ಇಪ್ಪತ್ತು ಪರ್ಸೆಂಟ್. ಚಿಕ್ಕಂದಿನಿಂದ ಕಿವಿಗೆ ಬಿದ್ದ ಮಾತು, ಬಾಯಿಗೆ ಬಂತು. ಆದರೆ ಕಂಪನಿಗಳು ಮಾರ್ಜಿನ್ ಅನ್ನುವುದು ಮಾರುವ ಬೆಲೆಯ ಮೇಲೆ.

ಇದರಿಂದ ಏನಾಗುತ್ತದೆ ನೋಡಿ. ಅಸಲಿನ ಮೇಲೆ 20% ಅಂದರೆ 300 ರೂಪಾಯಿ ಬಿಲ್‌ನ ಅಸಲು 250, ಸಿಗುವುದು 50. ಖರ್ಚೂ 50. ಉಳಿಯುವುದು ಸೊನ್ನೆ! ಪ್ಯಾನೆಲ್‌ನಲ್ಲಿದ್ದ ಫೈನಾನ್ಸ್‌ನವರು ಅವಳ ಬಾಯಿಮಾತನ್ನು ಬರೆದುಕೊಂಡಿದ್ದರೆ, ಅವಳ ಲೆಕ್ಕವೇ ತಪ್ಪು ಅಂದುಕೊಳ್ಳುತ್ತಾರೆ. 249ರ ಸಲಹೆಯೂ ನಿಲ್ಲುವುದಿಲ್ಲ, ಯಾಕೆಂದರೆ ಆಗ 300ಕ್ಕಿಂತ ಕೆಳಗಿನದೆಲ್ಲ ನಷ್ಟ.

ಇಲ್ಲಿ ಅವಳ ಅದೃಷ್ಟ, ಸ್ಲೈಡ್ ಸರಿ ಇತ್ತು, ಮಾತು ತಪ್ಪಿತ್ತು. ಉಲ್ಟಾ ಆಗಿದ್ದರೆ, ಅಂದರೆ ಲೆಕ್ಕವೇ ತಪ್ಪಿ ಸಲಹೆ ಬದಲಾಗಬೇಕಾಗಿದ್ದರೆ, ಅದಕ್ಕೆ "ಸ್ಪಷ್ಟನೆ" ಅಂತ ಹೆಸರಿಡಬಾರದು. ಮೊದಲ ಸಾಲಿನಲ್ಲೇ "ನನ್ನ ಲೆಕ್ಕದಲ್ಲಿ ತಪ್ಪಿದೆ, ಸಲಹೆ ಹೀಗೆ ಬದಲಾಗುತ್ತದೆ" ಎಂದು ಬರೆಯಬೇಕು.

ಕೇಳಿದ ಲೆಕ್ಕ ತೆಗೆಯುವುದು

ಮೊದಲು ಎಲ್ಲಿಂದ ಕೆಳಗೆ ನಷ್ಟ ಎಂದು ಗೊತ್ತಾಗಬೇಕು. ಖರ್ಚು 50, ಮಾರ್ಜಿನ್ 20%. 50 ರೂಪಾಯಿ ಹುಟ್ಟಬೇಕಾದರೆ ಬಿಲ್ 250 ಇರಬೇಕು. (249ಕ್ಕೆ 20 ಪೈಸೆ ಕಡಿಮೆ ಬೀಳುತ್ತದೆ. ಆ್ಯಪ್‌ನಲ್ಲಿ 249 ಅಂತಲೇ ಹಾಕೋದು, ಬಿಡಿ.) ಇನ್ನು 250ಕ್ಕಿಂತ ಕಡಿಮೆ ಇರುವ ಆರ್ಡರ್‌ಗಳನ್ನು ಎಣಿಸಿದರಾಯಿತು. ಕಂಪನಿ ಕೊಟ್ಟ ಶೀಟ್‌ನಲ್ಲಿ ಒಂದು ವಾರದ ಆರ್ಡರ್‌ಗಳ 1,000 ಸಾಲುಗಳಿದ್ದವು, ಬೆಲೆ C ಕಾಲಮ್ಮಿನಲ್ಲಿತ್ತು. ಅವಳು ಮೆಟ್ಟಿಲ ಮೇಲೆ ಕೂತೇ ಹಾಕಿದ ಫಾರ್ಮುಲಾ:

```
=COUNTIF(C2:C1001,"<250")
```

ಬಂದದ್ದು 390. "ನೂರಕ್ಕೆ 39 ಆರ್ಡರ್ ನಷ್ಟ. ಕಳಿಸ್ಲಾ ಅಣ್ಣಾ?"

"ತಡಿ. ಬೆಲೆ ಕಾಲಮ್ಮನ್ನ ಚಿಕ್ಕದರಿಂದ ದೊಡ್ಡದಕ್ಕೆ ಸಾರ್ಟ್ ಮಾಡು. ಮೇಲೆ ಏನ್ ಬರುತ್ತೆ ಹೇಳು."

ಒಂದು ನಿಮಿಷ ಮಾತಿಲ್ಲ. ಆಮೇಲೆ, "ಸೊನ್ನೆ... ಸೊನ್ನೆ... ಐವತ್ತು ಸೊನ್ನೆ ಇವೆ."

199ಕ್ಕಿಂತ ಕಡಿಮೆ ಆರ್ಡರ್ ತೆಗೆದುಕೊಳ್ಳದ ಕಡೆ ಸೊನ್ನೆ ರೂಪಾಯಿ ಆರ್ಡರ್ ಎಲ್ಲಿಂದ ಬಂತು? ಪಕ್ಕದ ಕಾಲಮ್ಮಿನಲ್ಲಿ ಉತ್ತರವಿತ್ತು: ಅವು ಕ್ಯಾನ್ಸಲ್ ಆದವು. ಫಾರ್ಮುಲಾ ಅವನ್ನೂ 250ಕ್ಕಿಂತ ಕಡಿಮೆ ಎಂದು ಎಣಿಸಿತ್ತು. ಸರಿಯಾದದ್ದು ಇದು:

```
=COUNTIFS(C2:C1001,">0",C2:C1001,"<250")
```

ಈಗ 340. ಭಾಗಿಸಬೇಕಾದದ್ದು 1,000ದಿಂದ ಅಲ್ಲ, 950ರಿಂದ. ನೂರಕ್ಕೆ ಸುಮಾರು 36. ಮೂರು ಅಂಕದ ವ್ಯತ್ಯಾಸ ದೊಡ್ಡದೇನಲ್ಲ ಅನಿಸಬಹುದು. ಆದರೆ ಪ್ಯಾನೆಲ್‌ನವರಿಗೆ ಆ ಐವತ್ತು ಸೊನ್ನೆಗಳು ಮೊದಲೇ ಗೊತ್ತಿರುವ ಸಾಧ್ಯತೆ ಜಾಸ್ತಿ. ಕೇಸ್‌ನ ಡೇಟಾದಲ್ಲಿ ಇಂಥವನ್ನು ಬೇಕೆಂದೇ ಬಿಟ್ಟಿರುತ್ತಾರೆ. 39 ಎಂದು ಬಂದರೆ ಡೇಟಾ ತೆರೆದು ನೋಡಿಲ್ಲ ಎಂದು ಆ ಕ್ಷಣ ಗೊತ್ತಾಗುತ್ತದೆ.

ಎಣಿಕೆಯ ಜೊತೆ ಅದರ ಮಿತಿಯನ್ನೂ ಒಂದು ಸಾಲಿನಲ್ಲಿ ಹೇಳಬೇಕು. ಇದು ಒಂದೇ ವಾರದ ಲೆಕ್ಕ. ಮಿತಿ ಏರಿಸಿದರೆ ಈ 340 ಆರ್ಡರ್ ಕೊಟ್ಟವರಲ್ಲಿ ಎಷ್ಟು ಜನ ಇನ್ನೊಂದು ಪ್ಯಾಕೆಟ್ ಸೇರಿಸಿ 249 ಮಾಡುತ್ತಾರೆ, ಎಷ್ಟು ಜನ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂಬುದು ಈ ಶೀಟ್‌ನಿಂದ ಗೊತ್ತಾಗುವುದಿಲ್ಲ. ಅದನ್ನು ಊಹಿಸಿ ಇನ್ನೊಂದು ಅಂಕಿ ಸೇರಿಸುವ ಆಸೆ ಅವಳಿಗೂ ಬಂತು. ಬೇಡ ಅಂದೆ. ಕೇಳಿದ್ದು ಒಂದು, ಕೊಡುವುದೂ ಒಂದು. ನೀವಾಗಿ ಸೇರಿಸಿದ ಎರಡನೇ ಅಂಕಿಯನ್ನು ಸಮರ್ಥಿಸಲು ಅಲ್ಲಿ ನೀವು ಇರುವುದಿಲ್ಲ.

ಮೇಲ್

ಅವಳು ಕಳಿಸಿದ್ದು ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

*ವಿಷಯ: ಇಂದಿನ ಕೇಸ್ ಸ್ಟಡಿ – ಒಂದು ಸ್ಪಷ್ಟನೆ, ಕೇಳಿದ ಲೆಕ್ಕ*

*ನಮಸ್ಕಾರ. ಇಂದು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಎರಡು ವಿಷಯ ತಿಳಿಸುವುದಿದೆ.*

*ಸ್ಪಷ್ಟನೆ: 6ನೇ ಸ್ಲೈಡ್ ವಿವರಿಸುವಾಗ 20% ಅಸಲಿನ ಮೇಲೆ ಎಂದು ಹೇಳಿದೆ. ಅದು ತಪ್ಪು. ಸ್ಲೈಡ್‌ನಲ್ಲಿರುವಂತೆ ಅದು ಮಾರಾಟ ಬೆಲೆಯ ಮೇಲಿನ ಮಾರ್ಜಿನ್. 300 ರೂಪಾಯಿ ಆರ್ಡರ್‌ಗೆ 10 ರೂಪಾಯಿ ಉಳಿಯುತ್ತದೆ ಎಂಬ ಲೆಕ್ಕದಲ್ಲಿ ಬದಲಾವಣೆ ಇಲ್ಲ.*

*ಕೇಳಿದ ಲೆಕ್ಕ: ಕ್ಯಾನ್ಸಲ್ ಆದ 50 ಬಿಟ್ಟು ಉಳಿದ 950 ಆರ್ಡರ್‌ಗಳಲ್ಲಿ 340 (ಸುಮಾರು 36%) 250 ರೂಪಾಯಿಗಿಂತ ಕಡಿಮೆ ಇವೆ, ಅಂದರೆ ನಷ್ಟದಲ್ಲಿ ಹೋಗುತ್ತಿವೆ. ಇದು ನೀವು ಕೊಟ್ಟ ಒಂದು ವಾರದ ಡೇಟಾ. ಮಿತಿ ಏರಿಸಿದರೆ ಗ್ರಾಹಕರು ಏನು ಮಾಡುತ್ತಾರೆ ಎಂಬುದನ್ನು ಇದರಿಂದ ಹೇಳಲಾಗದು. ಎಣಿಸಿದ ಶೀಟ್ ಲಗತ್ತಿಸಿದ್ದೇನೆ. 249ರ ಸಲಹೆ ಹಾಗೇ ಇದೆ.*

ಇಷ್ಟೇ. ಫೋನ್ ಪರದೆಯಲ್ಲಿ ಬೆರಳಾಡಿಸದೆ ಓದಿ ಮುಗಿಸುವಷ್ಟು ಇದ್ದರೆ ಒಳ್ಳೆಯದು, ಯಾಕೆಂದರೆ ಪ್ಯಾನೆಲ್‌ನವರು ಇನ್ನೊಂದು ಮೀಟಿಂಗ್‌ಗೆ ನಡೆಯುತ್ತಾ ಓದುತ್ತಾರೆ. ಅವಳ ಮೊದಲ ಕರಡಿನಲ್ಲಿ "ಟೆನ್ಷನ್‌ನಲ್ಲಿ ಹಾಗೆ ಹೇಳಿಬಿಟ್ಟೆ, ದಯವಿಟ್ಟು ಕ್ಷಮಿಸಿ" ಅಂತ ಎರಡು ಸಾಲಿತ್ತು. ತೆಗೆಸಿದೆ. "ಅದು ತಪ್ಪು" ಅನ್ನುವ ಎರಡು ಪದ ಸಾಕು.

ಯಾರಿಗೆ, ಯಾವಾಗ, ಯಾವುದರ ಜೊತೆ

ಸಾಧ್ಯವಾದರೆ ಅವತ್ತೇ ಸಂಜೆ ಕಳಿಸಿ, ತಪ್ಪಿದರೆ ಮರುದಿನ ಬೆಳಗ್ಗೆ ಕಚೇರಿ ಶುರುವಾಗುವ ಹೊತ್ತಿಗೆ. ಎಷ್ಟೋ ಕಡೆ ಪ್ಯಾನೆಲ್‌ನವರು ಒಂದೆರಡು ದಿನದೊಳಗೆ ಕೂತು ಮಾತಾಡಿ ಮುಗಿಸಿರುತ್ತಾರೆ. ಆಮೇಲೆ ಬಂದ ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಇಂಟರ್‌ವ್ಯೂ ಗೊತ್ತುಮಾಡಿದ ಎಚ್‌ಆರ್ ಮೇಲ್‌ಗೇ ರಿಪ್ಲೈ ಮಾಡಿ, ಪ್ಯಾನೆಲ್‌ಗೆ ತಲುಪಿಸಿ ಎಂದು ಒಂದು ಸಾಲು ಬರೆಯಿರಿ. ಪ್ಯಾನೆಲ್‌ನವರ ವಿಳಾಸ ಆ ಮೇಲ್‌ನಲ್ಲೇ ಇದ್ದರೆ ಅವರನ್ನೂ ಸೇರಿಸಬಹುದು. ಇಲ್ಲದ ವಿಳಾಸವನ್ನು ಊಹಿಸಿ ಕಳಿಸುವುದು, ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮೆಸೇಜ್ ಹಾಕುವುದು ಬೇಡ. ಪ್ರಶ್ನೆ ಕೇಳಿದ್ದು ಒಬ್ಬರೇ ಆದರೂ ಉತ್ತರ ಎಲ್ಲರಿಗೂ ಹೋಗಬೇಕು.

ಲಗತ್ತಿನ ವಿಷಯದಲ್ಲಿ ಹುಷಾರು. ಇಡೀ ಪ್ರೆಸೆಂಟೇಷನ್ನನ್ನು ಸರಿಮಾಡಿ ಮತ್ತೆ ಕಳಿಸಬೇಡಿ. ಏನೇನು ಬದಲಾಯಿತೆಂದು ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ, ಸದ್ದಿಲ್ಲದೆ ಏನೋ ಬದಲಿಸಿದ್ದಾರೆ ಅನ್ನುವ ಅನುಮಾನ ಬೇರೆ. ಎಣಿಸಿದ ಒಂದೇ ಶೀಟ್ ಸಾಕು, ಫಾರ್ಮುಲಾ ಅಳಿಸದೆ ಹಾಗೇ ಇರಲಿ. ಡೇಟಾ ಕಂಪನಿಯದ್ದು. ಅದನ್ನು ಡ್ರೈವ್‌ಗೆ ಹಾಕಿ, ಲಿಂಕ್ ಸಿಕ್ಕಿದವರೆಲ್ಲ ನೋಡುವಂತೆ ಬಿಟ್ಟು, ಆ ಲಿಂಕ್ ಕಳಿಸಿದವರನ್ನು ಕಂಡಿದ್ದೇನೆ. ಉತ್ತರ ಸರಿ ಇದ್ದರೂ ಅಲ್ಲಿ ಚರ್ಚೆ ಬೇರೆ ಕಡೆಗೆ ಹೋಯಿತು.

ಅವಳು ಕಳಿಸಿದ್ದು ರಾತ್ರಿ ಎಂಟಕ್ಕೆ. ಮರುದಿನ ಎಚ್‌ಆರ್‌ನಿಂದ "ಸಿಕ್ಕಿದೆ, ಪ್ಯಾನೆಲ್‌ಗೆ ಕಳಿಸಿದ್ದೇನೆ" ಎಂದು ಒಂದು ಸಾಲು ಬಂತು. ಇದಕ್ಕೆ ಉತ್ತರ ಬರೆಯಬೇಕಾ ಅಂತ ಮತ್ತೆ ಫೋನ್. ಬೇಡ, ಫಲಿತಾಂಶ ತಿಳಿಸುತ್ತೇವೆ ಅಂದ ದಿನ ಕಳೆದು ಎರಡು ದಿನ ಆದ ಮೇಲೆ ಬೇಕಾದರೆ ಕೇಳು ಅಂದೆ. ಅಷ್ಟರೊಳಗೆ ಅವರೇ ಕರೆದರು. ಮುಂದಿನ ಸುತ್ತಿನಲ್ಲಿ ಫೈನಾನ್ಸ್‌ನವರು ಕೇಳಿದ ಮೊದಲ ಪ್ರಶ್ನೆ: "ಆ 340ರಲ್ಲಿ, ಅದೇ ವಾರ ಇನ್ನೊಂದು ದೊಡ್ಡ ಆರ್ಡರ್ ಕೊಟ್ಟ ಗ್ರಾಹಕರು ಎಷ್ಟು ಜನ?"